ವರ್ಗಮೂಲದೊಳಗೆ ಅಡಗಿದ ವರ್ಗ ಸಮೀಕರಣ

x − 5√x + 6 = 0. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣಗಳನ್ನು ಸಲೀಸಾಗಿ ಬಿಡಿಸಿದವರಿಗೂ ಈ ಸಾಲು ಕಂಡಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. x² ಇದ್ದಿದ್ದರೆ ಅಪವರ್ತಿಸಬಹುದಿತ್ತು, ಇಲ್ಲವೇ ಸೂತ್ರ ಹಾಕಬಹುದಿತ್ತು. ಇಲ್ಲಿ x² ಇಲ್ಲವೇ ಇಲ್ಲ, ನಡುವೆ √x ಬಂದು ಕೂತಿದೆ.

ಆದರೆ x ಎಂಬುದು √xನ ವರ್ಗ ತಾನೆ? ನಮಗೆ ಗೊತ್ತಿಲ್ಲದ ಸಂಖ್ಯೆ x ಅಲ್ಲ, √x ಎಂದುಕೊಂಡು ಅದನ್ನು ಮತ್ತೆ ಓದಿ. ಮೊದಲ ಪದ ಅದರ ವರ್ಗ, ಎರಡನೆಯದು ಅದರ ಐದು ಪಟ್ಟು, ಕೊನೆಯದು ಬರೀ ಸಂಖ್ಯೆ. √x = t ಎಂದು ಆದೇಶಿಸಿದರೆ x = t² ಆಗುತ್ತದೆ, ಸಮೀಕರಣ t² − 5t + 6 = 0 ಎಂದು ಬದಲಾಗುತ್ತದೆ. ಕೂಡಿದರೆ 5, ಗುಣಿಸಿದರೆ 6 ಬರುವ ಸಂಖ್ಯೆಗಳು 2 ಮತ್ತು 3. ಅವೇ tಯ ಬೆಲೆಗಳು.

ಉತ್ತರ ಬಂತೆಂದು ಇಲ್ಲಿಗೇ ಅಡಿಗೆರೆ ಎಳೆಯುವವರು ಬಹಳ. 2 ಮತ್ತು 3 ನಾವು ಇಟ್ಟುಕೊಂಡ tಯ ಬೆಲೆಗಳು, ಕೇಳಿದ್ದು x. ಇನ್ನು ಕೆಲವರು ವರ್ಗಮೂಲದ ಲೆಕ್ಕವಲ್ಲವೇ ಎಂದು 2ರ ವರ್ಗಮೂಲ ತೆಗೆಯಲು ಹೊರಡುತ್ತಾರೆ, ಅದು ತಿರುಗಾ ದಾರಿ. √x = 2 ಆದರೆ x = 4, √x = 3 ಆದರೆ x = 9. ತಾಳೆ ನೋಡೋಣ: 4 − 10 + 6 ಸೊನ್ನೆ, 9 − 15 + 6 ಕೂಡ ಸೊನ್ನೆ. x ಜಾಗದಲ್ಲಿ 2 ಹಾಕಿದ್ದರೆ ಸುಮಾರು 0.93 ಬರುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇದನ್ನೇ ಇನ್ನೊಂದು ದಾರಿಯಲ್ಲೂ ಬಿಡಿಸಬಹುದು. √x ಇರುವ ಪದವನ್ನು ಒಂದು ಕಡೆಗೆ ತಂದು x + 6 = 5√x ಎಂದು ಬರೆದು ಎರಡೂ ಬದಿಯನ್ನು ವರ್ಗ ಮಾಡಿದರೆ x² + 12x + 36 = 25x, ಅಂದರೆ x² − 13x + 36 = 0. ಇದರ ಮೂಲಗಳೂ 4 ಮತ್ತು 9. ಹಾಗಾದರೆ tಯ ಗೊಡವೆ ಏಕೆ? ಉತ್ತರ ಬೇಕಾದವರು ಮೂಲ ಸಮೀಕರಣದ ಚಿಹ್ನೆಗಳನ್ನು ಸ್ವಲ್ಪ ಬದಲಿಸಿ ನೋಡಬೇಕು.

x + 5√x + 6 = 0 ಎಂದು ಬರೆದು ವರ್ಗ ಮಾಡಿ. ಮತ್ತದೇ x² − 13x + 36 = 0. x − √x − 6 = 0 ತೆಗೆದುಕೊಳ್ಳಿ, √x = x − 6 ಎಂದು ವರ್ಗ ಮಾಡಿದರೆ x = x² − 12x + 36, ಪುನಃ ಅದೇ ಸಮೀಕರಣ. x + √x − 6 = 0 ಕೂಡ ಅಲ್ಲಿಗೇ ಹೋಗಿ ಸೇರುತ್ತದೆ. ನಾಲ್ಕು ಬೇರೆ ಬೇರೆ ಸಮೀಕರಣಗಳು, ವರ್ಗ ಮಾಡಿದೊಡನೆ ನಾಲ್ಕಕ್ಕೂ ಒಂದೇ ರೂಪ, ನಾಲ್ಕರಿಂದಲೂ 4 ಮತ್ತು 9. ಆದರೆ ನಾಲ್ಕರ ನಿಜವಾದ ಉತ್ತರಗಳು ಒಂದೇ ಅಲ್ಲ. ಮೊದಲನೆಯದಕ್ಕೆ 4 ಮತ್ತು 9 ಎರಡೂ ಸಲ್ಲುತ್ತವೆ. ಎರಡನೆಯದಕ್ಕೆ ಒಂದೂ ಇಲ್ಲ: x ಋಣವಲ್ಲ, √x ಋಣವಲ್ಲ, ಅವುಗಳಿಗೆ 6 ಕೂಡಿಸಿದರೆ ಸೊನ್ನೆ ಎಲ್ಲಿಂದ ಬರಬೇಕು? ಮೂರನೆಯದಕ್ಕೆ 9 ಮಾತ್ರ, ನಾಲ್ಕನೆಯದಕ್ಕೆ 4 ಮಾತ್ರ. ನನ್ನ ಮಟ್ಟಿಗೆ ಈ ಪಾಠದ ತಿರುಳಿರುವುದು ಇಲ್ಲೇ.

ಕಾರಣ ಸರಳ. −3ರ ವರ್ಗವೂ 9, 3ರ ವರ್ಗವೂ 9. ವರ್ಗ ಮಾಡಿದ ಕೂಡಲೇ ಚಿಹ್ನೆ ಅಳಿಸಿಹೋಗುತ್ತದೆ, √xನ ಹಿಂದೆ ಕೂಡುವ ಗುರುತಿತ್ತೋ ಕಳೆಯುವ ಗುರುತಿತ್ತೋ ಎಂಬುದರ ಸುಳಿವೇ ಉಳಿಯುವುದಿಲ್ಲ. t ದಾರಿಯಲ್ಲಿ ಆ ಗುರುತು ಕೊನೆತನಕ ಕಣ್ಣೆದುರೇ ಇರುತ್ತದೆ. ನಾಲ್ಕನೆಯ ಸಮೀಕರಣ t² + t − 6 = 0 ಆಗುತ್ತದೆ, ಮೂಲಗಳು 2 ಮತ್ತು −3. √x ಎಂಬ ಚಿಹ್ನೆ ಯಾವಾಗಲೂ ಋಣವಲ್ಲದ ವರ್ಗಮೂಲವನ್ನೇ ಹೇಳುತ್ತದೆ, ಆದ್ದರಿಂದ t = −3 ಆಗುವಂತೆಯೇ ಇಲ್ಲ. ಅದನ್ನು ಅಲ್ಲೇ ಹೊಡೆದುಹಾಕಿ, x = 4 ಎಂದು ಬರೆಯಬಹುದು. −3ರ ವರ್ಗ ಮಾಡಿ 9 ಎಂದು ಬರೆದುಕೊಂಡಿರೋ, ಅದು ಸಾಚಾ ಉತ್ತರದ ಹಾಗೇ ಕಾಣುವ ಹುಸಿ ಮೂಲ. ಹಾಕಿ ನೋಡಿ: 9 + 3 − 6 = 6, ಸೊನ್ನೆಯಲ್ಲ.

ಇಂಥ ಲೆಕ್ಕಗಳು ನಮ್ಮ ನೆಲಕ್ಕೆ ಹೊಸವಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಒಂಟೆಗಳ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿವೆ, ಉಳಿದ 15 ಒಂಟೆಗಳು ನದಿಯ ದಡದಲ್ಲಿವೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಒಟ್ಟು x ಆದರೆ, ಕಾಲುಭಾಗ ಹೋಗಿ ಮುಕ್ಕಾಲು ಉಳಿಯಿತು. ಆ ಮುಕ್ಕಾಲು 2√x + 15ಕ್ಕೆ ಸಮ. √x = t ಎಂದಿಟ್ಟು ಇಡೀ ಸಮೀಕರಣವನ್ನು ನಾಲ್ಕರಿಂದ ಗುಣಿಸಿದರೆ 3t² − 8t − 60 = 0. ಸೂತ್ರದ ವರ್ಗಮೂಲದೊಳಗೆ 64 + 720 = 784 ಬರುತ್ತದೆ, ಅದು 28ರ ವರ್ಗ. ಹಾಗಾಗಿ t = 36/6 = 6, ಇಲ್ಲವೇ t = −20/6 = −10/3. ಮೊದಲನೆಯದರಿಂದ x = 36. ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಡದಲ್ಲಿ 15, ಒಟ್ಟು ಸರಿಯಾಗಿ 36.

ಎರಡನೆಯದನ್ನು ವರ್ಗ ಮಾಡಿದರೆ 100/9. ಹನ್ನೊಂದು ಚಿಲ್ಲರೆ ಒಂಟೆ ಇರಲಾರದು ಎಂದು ಅದನ್ನು ಬಿಟ್ಟುಬಿಡಬೇಕು ಅನ್ನಿಸುತ್ತದೆ. ಬಿಡಬೇಕಾದದ್ದು ನಿಜ, ಆದರೆ ಕಾರಣ ಭಿನ್ನರಾಶಿಯಲ್ಲ. ಒಂಟೆಯ ಬದಲು ಎಣ್ಣೆಯನ್ನು ಅಳೆಯುತ್ತಿದ್ದರೂ ಅದು ತಪ್ಪೇ: 100/9ರ ಕಾಲುಭಾಗ 25/9, ವರ್ಗಮೂಲದ ಎರಡರಷ್ಟು 60/9, ಜೊತೆಗೆ 15. ಕೂಡಿದರೆ 220/9, ಬೇಕಿದ್ದದ್ದು 100/9.

ಮಹಾವೀರಾಚಾರ್ಯರ ದಾರಿಯಲ್ಲಿ ಈ ಹುಸಿ ಮೂಲ ಹುಟ್ಟುವುದೇ ಇಲ್ಲ. ವರ್ಗಮೂಲದ ಗುಣಕದ ಅರ್ಧವನ್ನೂ ಉಳಿದ ಸಂಖ್ಯೆಯನ್ನೂ, ಒಂದರಿಂದ ಭಾಗವನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. ಇಲ್ಲಿ 1 ಮತ್ತು 15ನ್ನು ಮುಕ್ಕಾಲರಿಂದ ಭಾಗಿಸಿದರೆ 4/3 ಮತ್ತು 20. 4/3ರ ವರ್ಗಕ್ಕೆ 20 ಕೂಡಿಸಿದರೆ 196/9, ಅದರ ವರ್ಗಮೂಲ 14/3. ಅದಕ್ಕೆ 4/3 ಕೂಡಿಸಿದರೆ 6, ವರ್ಗ ಮಾಡಿದರೆ 36. ಧನ ಸಂಖ್ಯೆಗೆ ಋಣ ವರ್ಗಮೂಲವೂ ಉಂಟೆಂದು ಅವರಿಗೆ ತಿಳಿದಿತ್ತು. ಆದರೂ ಈ ಜಾತಿಯ ಲೆಕ್ಕಕ್ಕೆ ಕೂಡುವ ಹೆಜ್ಜೆಯನ್ನಷ್ಟೇ ಇಟ್ಟರು, ಕಳೆಯುವುದನ್ನು ಇಡಲಿಲ್ಲ.

ಈ ಉಪಾಯ ಎಲ್ಲೆಡೆ ನಡೆಯುವುದಿಲ್ಲ. ಒಂದು ಪದ ಇನ್ನೊಂದರ ವರ್ಗವಾಗಿರಬೇಕು, ಅಥವಾ ಹಾಗೆ ಬರೆದುಕೊಳ್ಳಲು ಬರಬೇಕು. x − 5√(x + 1) + 7 = 0 ಎಂಬಲ್ಲಿ √(x + 1) = t ಎಂದಿಟ್ಟರೆ x = t² − 1, ಉಳಿಯುವುದು ನಮ್ಮ ಹಳೆಯ t² − 5t + 6 = 0, ಉತ್ತರ 3 ಮತ್ತು 8. √x ಮತ್ತು √(x + 1) ಎರಡೂ ಒಟ್ಟಿಗೆ ಬಂದರೆ ಒಂದೇ tಯಿಂದ ಇಷ್ಟು ಸುಲಭವಾಗಿ ಆಗದು, ಅಲ್ಲಿ ವರ್ಗ ಮಾಡಿಯೇ ಸಾಗಬೇಕು, ಕೊನೆಗೆ ಪ್ರತಿ ಉತ್ತರವನ್ನೂ ಹಾಕಿ ನೋಡಲೇಬೇಕು.

ಋಣ t ಬಂದರೆ ಬಿಡಿ ಎಂಬುದನ್ನೂ ಕಣ್ಣುಮುಚ್ಚಿ ಪಾಲಿಸುವಂತಿಲ್ಲ, ಅದು ವರ್ಗಮೂಲಕ್ಕೆ ಮಾತ್ರ. (∛x)² + ∛x − 6 = 0 ಎಂಬಲ್ಲಿ ∛x = t ಎಂದಿಟ್ಟರೂ ಬರುವುದು 2 ಮತ್ತು −3. ಋಣ ಸಂಖ್ಯೆಗೆ ಘನಮೂಲ ಉಂಟು, −27ರ ಘನಮೂಲ −3. 9 − 3 − 6 ಸೊನ್ನೆ, ಹಾಗಾಗಿ ಇಲ್ಲಿ 8 ಮತ್ತು −27 ಎರಡನ್ನೂ ಉತ್ತರವೆಂದು ಬರೆಯಬೇಕು.