ಲಂಗರಿನಿಂದ ಗೋದಾಮಿಗೆ ಒಂದು ರೆಸ್ಯೂಮೆ

‘ಸಿಕ್ಯೂಎಮ್‌ಎಚ್ ಆಗಿ ಮೂರು ವರ್ಷ ಕರ್ತವ್ಯ ನಿರ್ವಹಿಸಿದ್ದೇನೆ.’ ಸೇನೆಯಿಂದ ನಿವೃತ್ತರಾದ ಹವಾಲ್ದಾರರ ರೆಸ್ಯೂಮೆಗಳಲ್ಲಿ ಇಂಥ ಸಾಲು ಸಾಮಾನ್ಯ. ಪಲ್ಟನ್ನಿನಲ್ಲಿದ್ದವರಿಗೆ ಅಷ್ಟು ಸಾಕು. ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಎಂದರೆ ನೂರಕ್ಕೂ ಮಿಕ್ಕ ಜನರ ರೇಷನ್, ಬಟ್ಟೆ, ಹಾಸಿಗೆ, ಡೇರೆಗಳ ಲೆಕ್ಕವನ್ನೆಲ್ಲ ಹೊತ್ತವನು; ನಂಬಿಕಸ್ಥನಲ್ಲದವನಿಗೆ ಆ ಜವಾಬ್ದಾರಿ ಕೊಡುವುದಿಲ್ಲ. ಆದರೆ ನೆಲಮಂಗಲದ ಗೋದಾಮೊಂದಕ್ಕೆ ಸೂಪರ್‌ವೈಸರ್ ಹುಡುಕುತ್ತಿರುವ ಎಚ್‌ಆರ್ ಸಿಬ್ಬಂದಿಗೆ ಆ ನಾಲ್ಕಕ್ಷರ ಏನನ್ನೂ ಹೇಳದು. ಅವರ ಕಣ್ಣು ಹುಡುಕುವುದು ಸ್ಟಾಕ್, ಇನ್‌ವರ್ಡ್, ಔಟ್‌ವರ್ಡ್, ಶಿಫ್ಟ್ ಎಂಬಂಥ ಮಾತುಗಳನ್ನು. ಅವು ಕಾಣದಿದ್ದರೆ ರೆಸ್ಯೂಮೆ ಬದಿಗೆ ಸರಿಯುತ್ತದೆ.

ಇದರ ಹಿಂದೆ ಇನ್ನೊಂದು ತೊಡಕಿದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಟ್ರೇಡ್ ಎಂಬ ಕಾಲಂ ಇರುತ್ತದೆ. ಎಲೆಕ್ಟ್ರಿಷಿಯನ್, ಡ್ರೈವರ್, ಕ್ಲರ್ಕ್ ಎಂದಿದ್ದರೆ ಹೊರಗಿನ ಕೆಲಸ ಥಟ್ಟನೆ ಹೊಳೆಯುತ್ತದೆ. ಸೇನಾ ಟ್ರೇಡ್‌ಗಳಿಗೆ ಸಮನಾದ ನಾಗರಿಕ ವೃತ್ತಿಗಳನ್ನು ಹೊಂದಿಸಿದ ಸರ್ಕಾರಿ ಪಟ್ಟಿಗಳೂ ಇವೆ. ಆದರೆ ಇನ್‌ಫೆಂಟ್ರಿಯ ಬಹುಪಾಲು ಯೋಧರ ಟ್ರೇಡ್ ‘ಸೋಲ್ಜರ್ ಜನರಲ್ ಡ್ಯೂಟಿ’. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಹೋದ ನಮ್ಮ ಉತ್ತರ ಕರ್ನಾಟಕದ ಹುಡುಗರಲ್ಲಿ ಹೆಚ್ಚಿನವರದೂ ಅದೇ. ಆ ಕಾಲಂ ನೋಡಿದವರಿಗೆ ಹೊಳೆಯುವುದು ಸೆಕ್ಯುರಿಟಿ ಗಾರ್ಡ್ ಕೆಲಸ ಒಂದೇ. ಸಿಕ್ಯೂಎಮ್‌ಎಚ್ ಟ್ರೇಡ್ ಅಲ್ಲ, ನಡುವೆ ವಹಿಸಿಕೊಟ್ಟ ಹೊಣೆ. ಅದಕ್ಕೆ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ. ಆದ್ದರಿಂದ ರೆಸ್ಯೂಮೆ ಬರೆಯುವಾಗ ಟ್ರೇಡನ್ನೂ ರ‍್ಯಾಂಕನ್ನೂ ಸ್ವಲ್ಪ ಹೊತ್ತು ಮರೆತು, ದಿನವಿಡೀ ಏನು ಮಾಡುತ್ತಿದ್ದೆ ಎಂಬಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಬ್ಬ ಹವಾಲ್ದಾರರನ್ನು ಕಲ್ಪಿಸಿಕೊಳ್ಳೋಣ. ಊರು ಗೋಕಾಕದ ಹತ್ತಿರ. ವಯಸ್ಸು ನಲವತ್ತು ದಾಟಿದೆ. ಮೂರು ವರ್ಷ ಕಂಪನಿಯ ಸ್ಟೋರ್ ನೋಡಿಕೊಂಡಿದ್ದಾರೆ. ಅದರಲ್ಲಿ ಒಂದು ಚಳಿಗಾಲ ಲಡಾಖ್ ಕಡೆ. ‘ಏನು ಕೆಲಸ ಮಾಡುತ್ತಿದ್ದಿರಿ?’ ಎಂದರೆ ‘ಕೊಟ್ಟ ಕೆಲಸವನ್ನೆಲ್ಲ ಮಾಡಿದೆವು’ ಎನ್ನುತ್ತಾರೆ. ಸೇನೆಯಲ್ಲಿ ‘ನಾನು’ ಎನ್ನುವ ರೂಢಿ ಕಡಿಮೆ. ಅದಕ್ಕೇ ಪ್ರಶ್ನೆಯನ್ನು ಬದಲಿಸಿ ಕೇಳಬೇಕು: ಸಂಜೆ ನಾಳೆಯ ರೇಷನ್ ಲೆಕ್ಕ ಹಾಕುತ್ತಿದ್ದವರು ಯಾರು? ಲೆಡ್ಜರಿನಲ್ಲಿ ಸಹಿ ಯಾರದು?

ಆಗ ಮಾತು ಹೊರಡುತ್ತದೆ. ರಜೆ, ಕೋರ್ಸು, ಆಸ್ಪತ್ರೆಯಲ್ಲಿರುವವರನ್ನು ಕಳೆದು ನಾಳೆ ಊಟಕ್ಕೆ ಎಷ್ಟು ಮಂದಿ ಎಂದು ತೆಗೆಯುವುದು. ಅದರಂತೆ ಇಂಡೆಂಟ್ ಹಾಕಿ ಬೆಟಾಲಿಯನ್ ಕ್ವಾರ್ಟರ್ ಮಾಸ್ಟರ್ ಕಡೆಯಿಂದ ಸಾಮಾನು ಪಡೆದು, ತೂಕ ಮತ್ತು ಗುಣ ನೋಡಿ ಲಂಗರಿಗೆ ಕೊಡುವುದು. ಹರಿದ ಬೂಟು, ಕಂಬಳಿ ವಾಪಸು ಪಡೆದೇ ಹೊಸದು ಕೊಡುವುದು. ಹಿಮ ಬಿದ್ದು ಕಣಿವೆ ದಾರಿ ಮುಚ್ಚುವ ಮೊದಲೇ ಹಿಟ್ಟು, ಬೇಳೆ, ಸೀಮೆಎಣ್ಣೆಯನ್ನು ತಿಂಗಳುಗಟ್ಟಲೆಗೆ ಸೇರಿಸಿ, ಹಳೆಯದು ಮೊದಲು ಖರ್ಚಾಗುವಂತೆ ಜೋಡಿಸುವುದು. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು ಹ್ಯಾಂಡಿಂಗ್-ಟೇಕಿಂಗ್. ಮುಂದಿನವರಿಗೆ ಹೊಣೆ ಒಪ್ಪಿಸುವಾಗ ಸೂಜಿಯಿಂದ ಡೇರೆಯವರೆಗೆ ಪ್ರತಿಯೊಂದನ್ನೂ ಲೆಡ್ಜರಿನ ಎದುರು ಎಣಿಸಬೇಕು. ಕಡಿಮೆ ಬಿದ್ದುದಕ್ಕೆ ಕಾರಣ ಬರೆಯಬೇಕು, ದೊಡ್ಡ ಕೊರತೆಯಾದರೆ ವಿಚಾರಣೆಯೇ ನಡೆಯುತ್ತದೆ.

ಈಗ ಗೋದಾಮಿನ ಜಾಹೀರಾತನ್ನು ಪಕ್ಕದಲ್ಲಿಡೋಣ. ಅದರಲ್ಲಿ ಸಾಮಾನ್ಯವಾಗಿ ಕೇಳುವುದು: ಬಂದ ಮಾಲನ್ನು ಪರಿಶೀಲಿಸಿ ಒಪ್ಪಿಕೊಳ್ಳುವುದು, ಸ್ಟಾಕ್ ರಿಕನ್ಸಿಲಿಯೇಷನ್, ಮೊದಲು ಬಂದದ್ದು ಮೊದಲು ಹೋಗುವ ಫಿಫೋ ಪದ್ಧತಿ, ನಷ್ಟದ ನಿಯಂತ್ರಣ, ಶಿಫ್ಟಿನ ಹತ್ತು ಹನ್ನೆರಡು ಜನರ ಉಸ್ತುವಾರಿ, ಗೋದಾಮಿನ ಸಾಫ್ಟ್‌ವೇರ್ ಅನುಭವ. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ನಮ್ಮ ಹವಾಲ್ದಾರರು ಮಾಡಿದ್ದೇ.

ಹಾಗಾಗಿ ಸಾಲು ಬದಲಾಗುತ್ತದೆ. ಮೊದಲು ಕೆಲಸದ ಹೆಸರು: ‘ಸ್ಟೋರ್ಸ್ ಮತ್ತು ಸಪ್ಲೈ ಸೂಪರ್‌ವೈಸರ್’, ಅದರ ಕೆಳಗಿನ ಸಾಲಿನಲ್ಲಿ ‘ಹವಾಲ್ದಾರ್, ಭಾರತೀಯ ಸೇನೆ’. ಆಮೇಲೆ: ‘ಸುಮಾರು 120 ಜನರಿಗೆ ದಿನನಿತ್ಯದ ರೇಷನ್ನಿನ ಬೇಡಿಕೆ ಲೆಕ್ಕಹಾಕಿ, ಪಡೆದು, ಪರಿಶೀಲಿಸಿ, ವಿತರಣೆ.’ ‘ಹೊಣೆ ಹಸ್ತಾಂತರದ ವೇಳೆ ಸ್ಟೋರಿನ ಸಮಸ್ತ ವಸ್ತುಗಳ ಭೌತಿಕ ಎಣಿಕೆ, ಲೆಡ್ಜರ್‌ನೊಂದಿಗೆ ರಿಕನ್ಸಿಲಿಯೇಷನ್.’ ‘ಸಾಗಾಟ ನಿಲ್ಲುವ ಚಳಿಗಾಲಕ್ಕೆ ಮುಂಗಡ ದಾಸ್ತಾನು, ಫಿಫೋ ಪ್ರಕಾರ ಬಳಕೆ.’ ಮೂರೇ ಸಾಲು. ಜಾಹೀರಾತಿನ ಮಾತನ್ನು ಎರವಲು ತಂದಿದ್ದರೂ ಪ್ರತಿ ಸಾಲಿನ ಹಿಂದೆ ನಿಜವಾಗಿ ಮಾಡಿದ ಕೆಲಸವಿದೆ. ಕೊರತೆ ಬೀಳದೆ ಹ್ಯಾಂಡಿಂಗ್-ಟೇಕಿಂಗ್ ಮುಗಿಸಿದ್ದರೆ ಅದನ್ನೂ ಎರಡನೇ ಸಾಲಿಗೆ ಸೇರಿಸಬೇಕು. ಗೋದಾಮಿನ ಮಾಲೀಕರಿಗೆ ಅದಕ್ಕಿಂತ ಬೇಕಾದ ಸುದ್ದಿ ಇನ್ನಿಲ್ಲ.

ಬಿಡಬೇಕಾದದ್ದೂ ಇದೆ. ಲಡಾಖಿನಲ್ಲಿ ಯಾವ ಪೋಸ್ಟು, ಅಲ್ಲಿ ಎಷ್ಟು ಜನ, ಎಷ್ಟು ದಿನದ ದಾಸ್ತಾನು ಎಂದು ಬರೆಯಬಾರದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯ ದಿನಕ್ಕೆ ಮುಗಿಯುವುದಿಲ್ಲ, ಉದ್ಯೋಗದಾತರಿಗೂ ಆ ವಿವರ ಬೇಕಿಲ್ಲ. ‘ಎತ್ತರದ ಪ್ರದೇಶ’ ಎಂದರೆ ಸಾಕು. ಕಂಪನಿಯ ಸಾಮಾನ್ಯ ಗಾತ್ರ ಯಾರಿಗೂ ತಿಳಿದಿರುವಂಥದು, ಅದನ್ನು ಸ್ಥಳದೊಂದಿಗೆ ಜೋಡಿಸದೆ ಹೇಳಬಹುದು.

ಇನ್ನು ಉಬ್ಬಿಸುವುದರ ವಿಚಾರ. ಸ್ಟೋರ್ ನೋಡಿದವರನ್ನು ‘ಸಪ್ಲೈ ಚೈನ್ ಮ್ಯಾನೇಜರ್’ ಎಂದು ಬರೆದುಕೊಡುವವರಿದ್ದಾರೆ. ಆ ಹುದ್ದೆಯವರು ಮಾರಾಟಗಾರರೊಡನೆ ದರ ಮಾತಾಡುತ್ತಾರೆ, ಬಜೆಟ್ ನೋಡುತ್ತಾರೆ. ಕಂಪನಿ ಸ್ಟೋರಿನಲ್ಲಿ ದರ ಗೊತ್ತುಮಾಡುವ ಅಧಿಕಾರವೇ ಇರಲಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಇದು ಬಯಲಾಗುತ್ತದೆ, ಆಮೇಲೆ ನಿಜವಾದ ಸಾಲುಗಳ ಮೇಲೂ ಅನುಮಾನ ಹುಟ್ಟುತ್ತದೆ. ವೈದ್ಯಕೀಯ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್ ‘ಸ್ಟಾಫ್ ನರ್ಸ್’ ಎಂದು ಬರೆದುಕೊಂಡರೆ ತೊಂದರೆ ಇನ್ನೂ ದೊಡ್ಡದು, ಏಕೆಂದರೆ ಅದಕ್ಕೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕು.

ಸಾಫ್ಟ್‌ವೇರ್ ಕಾಲಂ ಖಾಲಿ ಉಳಿಯಿತಲ್ಲ, ಅದನ್ನು ಮುಚ್ಚಿಡುವ ಬದಲು ‘ಕೈಬರಹದ ಲೆಡ್ಜರ್, ಎಕ್ಸೆಲ್’ ಎಂದು ಇದ್ದದ್ದನ್ನೇ ಬರೆದು, ಸೇವೆಯ ಕೊನೆಯ ಹಂತದಲ್ಲಿರುವಾಗಲೇ ಗೋದಾಮಿನ ಸಾಫ್ಟ್‌ವೇರ್ ಕಲಿಸುವ ಕೋರ್ಸಿಗೆ ಸೇರುವುದು ಮೇಲು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಗೆ ಹತ್ತಿರವಾದವರಿಗೆ ಇಂಥ ತರಬೇತಿ ಕೊಡಿಸುತ್ತದೆ. ಎಲ್ಲ ಮುಗಿದ ಮೇಲೆ ಕೋರ್ಸು ಹುಡುಕುತ್ತ ಕೂತವರು ಆರು ತಿಂಗಳು ಸುಮ್ಮನೆ ಕಳೆಯುತ್ತಾರೆ.

ರೆಸ್ಯೂಮೆ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಸುಲಭ. ಸೇನೆಯ ಗಂಧವಿಲ್ಲದ, ಗೋದಾಮಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡುವ ಅಳಿಯನ ಕೈಗೆ ಕೊಡಿ. ಅವನಿಗೆ ಅರ್ಥವಾಗದ ಪದಗಳಿಗೆಲ್ಲ ಗೆರೆ ಎಳೆಯಲಿ. ಆಮೇಲೆ ಅದನ್ನೇ ಜೊತೆಯಲ್ಲಿದ್ದ ಸುಬೇದಾರ್ ಸಾಹೇಬರಿಗೆ ತೋರಿಸಿ. ‘ಇದನ್ನೆಲ್ಲ ನೀನು ಮಾಡಿದ್ದೇ ಹೌದು’ ಎಂದು ಅವರು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ಮಾತ್ರ ಒಪ್ಪಿದ ಸಾಲನ್ನು ಮತ್ತೆ ಬರೆಯಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಉದ್ಯೋಗಕ್ಕೆ ಹೆಸರು ನೋಂದಾಯಿಸುವಾಗ ಟ್ರೇಡ್ ಜೊತೆಗೆ ಈ ಮೂರು ಸಾಲುಗಳ ಪ್ರತಿಯನ್ನೂ ಕೊಟ್ಟು ಬನ್ನಿ. ಗೋದಾಮಿನವರು ಜನ ಬೇಕೆಂದು ಕೇಳಿದಾಗ ಅಲ್ಲಿಯ ಗುಮಾಸ್ತರಿಗೆ ಡಿಸ್ಚಾರ್ಜ್ ಬುಕ್ಕಿನ ‘ಜನರಲ್ ಡ್ಯೂಟಿ’ ಒಂದೇ ಕಾಣುವಂತಾಗಬಾರದು.