ಹಿತುಕಿದ ಬೇಳೆಯ ಲೆಕ್ಕ

(ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿ ಉದ್ಯಮ ಸಂಘದಲ್ಲಿ ಮಾಡಿದ ಭಾಷಣದ ಸಾರ)

ವ್ಯಾಪಾರಕ್ಕೆ ಐಡಿಯಾ ಬೇಕೆಂದು ಮಾರುಕಟ್ಟೆಗೆ ಹೋದಾಗ, ಒಂದೇ ಪದಾರ್ಥಕ್ಕೆ ಎರಡು ಮೂರು ಬೆಲೆ ಎಲ್ಲಿದೆ ಎಂದು ಮೊದಲು ನೋಡಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಯಾವ ತರಕಾರಿ ಬೀದಿಗೆ ಹೋದರೂ ಅವರೆಕಾಯಿ ರಾಶಿ ಇರುತ್ತದೆ. ಪಕ್ಕದಲ್ಲೇ ಬಿಡಿಸಿದ ಕಾಳು, ಅದರಾಚೆ ಹಿತುಕಿದ ಬೇಳೆ. ಕಾಯಿಗಿಂತ ಕಾಳಿಗೆ ರೇಟು ಜಾಸ್ತಿ, ಕಾಳಿಗಿಂತ ಬೇಳೆಗೆ ಇನ್ನೂ ಜಾಸ್ತಿ. ತೂಕ ಕಡಿಮೆಯಾಗುವುದು ಒಂದು ಕಾರಣ. ಉಳಿದದ್ದು, ಮನೆಯಲ್ಲಿ ಯಾರೂ ಕೂತು ಮಾಡಲು ಒಲ್ಲದ ಕೆಲಸಕ್ಕೆ ಗಿರಾಕಿ ಕೊಡುವ ದುಡ್ಡು.

ಆ ಕೆಲಸ ಎಂಥದ್ದೆಂದು ಮಾಡಿದವರಿಗೇ ಗೊತ್ತು. ಕಾಯಿ ಬಿಡಿಸಬೇಕು, ಹುಳು ಹಿಡಿದದ್ದನ್ನು ಆರಿಸಬೇಕು, ಕಾಳನ್ನು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹೊರಬರುತ್ತದೆ.

ಈಗ ಪೆನ್ನು ತೆಗೆಯಿರಿ. ಹತ್ತು ಕಿಲೋ ಕಾಯಿಗೆ 600 ರೂಪಾಯಿ, ಅದರಿಂದ ಸಿಕ್ಕ ಬೇಳೆ ಮೂರೂವರೆ ಕಿಲೋ, ಮಾರಿದ್ದು ಕಿಲೋಗೆ 300ರಂತೆ ಎಂದಿಟ್ಟುಕೊಳ್ಳೋಣ. ಬಂದದ್ದು 1,050. ಪ್ಯಾಕಿಂಗ್, ಓಡಾಟಕ್ಕೆ 100 ಕಳೆದರೆ ಉಳಿಯುವುದು 350. ಖುಷಿಪಡುವ ಮೊದಲು ಗಂಟೆ ಎಣಿಸಿ. ಇಬ್ಬರು ನಾಲ್ಕು ನಾಲ್ಕು ಗಂಟೆ ಕೂತಿದ್ದರೆ ಗಂಟೆಗೆ 44 ರೂಪಾಯಿಯೂ ಬೀಳಲಿಲ್ಲ. ಅರ್ಧ ಕಿಲೋ ಬೇಳೆ ಮಾರಾಟವಾಗದೆ ಉಳಿದರೆ ಇನ್ನೂ 150 ಹೋಯಿತು, ಕೂಲಿ 25ಕ್ಕೆ ಇಳಿಯಿತು. ನೆನೆದ ಬೇಳೆ ಹೊರಗಿಟ್ಟರೆ ಬೇಗ ಹುಳಿ ವಾಸನೆ ಹಿಡಿಯುತ್ತದೆ, ಮುಟ್ಟಿದರೆ ಲೋಳೆಯಾಗಿರುತ್ತದೆ. ಅದನ್ನು ಮಾರುವ ಹಾಗಿಲ್ಲ.

ಹಾಗಾದರೆ ಬಿಟ್ಟುಬಿಡಬೇಕೇ? ಲೆಕ್ಕದಲ್ಲಿ ಸೋರುತ್ತಿರುವುದು ಎಲ್ಲಿ ಎಂದು ನೋಡಿ. ಉಳಿಯುವ ಬೇಳೆಯ ನಷ್ಟವನ್ನು ಮುಂಗಡ ಆರ್ಡರಿನಿಂದ ತಪ್ಪಿಸಬಹುದು: ಒಂದು ಅಪಾರ್ಟ್‌ಮೆಂಟಿನಲ್ಲಿ ಶುಕ್ರವಾರ ಸಂಜೆಯೊಳಗೆ ಹಣ ಕೊಟ್ಟವರಿಗಷ್ಟೇ ನೆನೆಹಾಕಿ, ಭಾನುವಾರ ಬೆಳಿಗ್ಗೆ ಸಾರಿಗೆ ಇಡುವ ಹೊತ್ತಿಗೆ ತಲುಪಿಸಿ. ಕೂಲಿಯ ಸಮಸ್ಯೆಗೆ, ಬಿಡಿಸಿದ ಕಾಳನ್ನೇ ಕೊಂಡು ಹಿತುಕುವ ಕೆಲಸವನ್ನಷ್ಟೇ ಮಾಡಿದರೆ ಗಂಟೆಗೆ ಎಷ್ಟು ಉಳಿಯುತ್ತದೆಂದು ತೂಗಿ ನೋಡಿ. ಎರಡರಲ್ಲಿ ಯಾವುದು ಗಿಟ್ಟುತ್ತದೆ ಎಂಬುದು ಆ ವಾರದ ರೇಟಿನ ಮೇಲಿದೆ.

"ಒಳ್ಳೆ ಐಡಿಯಾ ಕಣಪ್ಪಾ" ಎಂದವರನ್ನು ಗಿರಾಕಿ ಎಂದು ಎಣಿಸಬೇಡಿ. ಮೊದಲ ವಾರ ಪರಿಚಯದವರು ದಾಕ್ಷಿಣ್ಯಕ್ಕೂ ಕೊಳ್ಳುತ್ತಾರೆ. ಮೂರನೆಯ ವಾರ ನೀವು ಕೇಳದೆಯೇ ಎಷ್ಟು ಮನೆಯವರು ದುಡ್ಡು ಕಳಿಸಿದರು, ಅದನ್ನು ಬರೆದಿಡಿ. ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ಮಾರಾಟ ಶುರುಮಾಡುವ ಮೊದಲೇ ಮಾಡಿಸಿರಬೇಕು; ಆ ಸಂಖ್ಯೆ ಏರುತ್ತಿದ್ದರೆ ಮುಂದುವರಿಯಿರಿ. ಅವರೆಯ ಕಾಲ ಮುಗಿದ ಮೇಲೂ ಅದೇ ಮನೆಗಳಿಗೆ ಸುಲಿದ ಬೆಳ್ಳುಳ್ಳಿ, ತುರಿದ ತೆಂಗಿನಕಾಯಿ ಬೇಕೇ ಎಂದು ಕೇಳಬಹುದು. ಇಳಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ; ಕಳೆದುಕೊಂಡದ್ದು ಕೆಲವು ಭಾನುವಾರ ಮಾತ್ರ.