ಪೂರೈಕೆದಾರ ಕೈಕೊಟ್ಟಾಗ ಕಾರ್ಖಾನೆಯ ಲೆಕ್ಕ

ಪೂರೈಕೆ ದಿಢೀರನೆ ನಿಂತಾಗ ಕಾರ್ಖಾನೆಯ ಕೆಲಸ ಮುಂದುವರಿಸುವ ಯೋಜನೆಯಲ್ಲಿ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರವಿರಬೇಕು: ಕೈಯಲ್ಲಿರುವ ಸರಕು ಎಷ್ಟು ದಿನ ಬಾಳುತ್ತದೆ, ಕೆಟ್ಟ ಸುದ್ದಿ ಯಾರಿಂದ ಯಾರಿಗೆ ಹೋಗುತ್ತದೆ. ಎರಡನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

2000ರ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನ ಹೊಡೆತದಿಂದ ಬೆಂಕಿ ಬಿತ್ತು. ಬೆಂಕಿ ಬೇಗ ಆರಿತು. ಆದರೆ ಧೂಳು ಸುಳಿಯದಂತೆ ಕಾಪಾಡಿದ್ದ ಕೋಣೆಗಳನ್ನು ಹೊಗೆ ಮತ್ತು ನೀರು ಕೆಡಿಸಿದ್ದವು. ಒಂದು ವಾರ ತಡವಾಗಬಹುದು ಎಂದು ನೋಕಿಯಾ, ಎರಿಕ್ಸನ್ ಎರಡಕ್ಕೂ ತಿಳಿಸಲಾಯಿತು. ನೋಕಿಯಾ ಆ ಮಾತನ್ನು ಪೂರ್ತಿ ನಂಬದೆ ದಿನವೂ ವಿಚಾರಿಸಿತು, ವಿಷಯವನ್ನು ಮೇಲಿನವರಿಗೆ ಮುಟ್ಟಿಸಿತು, ಬೇರೆ ಕಡೆ ಚಿಪ್ ಹುಡುಕಿತು. ಎರಿಕ್ಸನ್‌ನಲ್ಲಿ ಸುದ್ದಿ ಕೆಳಹಂತದಲ್ಲೇ ವಾರಗಟ್ಟಲೆ ಉಳಿಯಿತು. ಮೇಲಿನವರಿಗೆ ಗೊತ್ತಾಗುವ ಹೊತ್ತಿಗೆ ಪರ್ಯಾಯ ಮೂಲಗಳು ಉಳಿದಿರಲಿಲ್ಲ. ಅದಕ್ಕೆ ಆದ ನಷ್ಟ ಸುಮಾರು 40 ಕೋಟಿ ಡಾಲರ್.

ಸಣ್ಣ ಕಾರ್ಖಾನೆಗೂ ಇದೇ ಲೆಕ್ಕ. ಪೀಣ್ಯದ ಒಂದು ಪಂಪ್ ಕಾರ್ಖಾನೆಗೆ ಬೆಳಗಾವಿಯ ಒಂದೇ ಫೌಂಡ್ರಿಯಿಂದ ಕಾಸ್ಟಿಂಗ್ ಬರುತ್ತದೆ ಎಂದುಕೊಳ್ಳೋಣ. ದಿನಕ್ಕೆ 100 ಬೇಕು, ಸ್ಟೋರ್ಸ್‌ನಲ್ಲಿ 1,200 ಇವೆ, ಅಂದರೆ 12 ದಿನ. ಬೇರೆ ಫೌಂಡ್ರಿಯಲ್ಲಿ ಪ್ಯಾಟರ್ನ್ ಕೂಡಿಸಿ, ಮಾದರಿ ಎರಕ ಹೊಯ್ದು, ಮಷೀನಿಂಗ್ ಮಾಡಿ, ಒತ್ತಡದ ಪರೀಕ್ಷೆ ಮುಗಿಸಲು 26 ದಿನ ಹಿಡಿದರೆ, ನಡುವೆ 14 ದಿನಗಳ ಕಂದಕ. ಅದನ್ನು ತುಂಬಲು ದಾಸ್ತಾನು ಹೆಚ್ಚಿಸಬೇಕು, ಇಲ್ಲವೆ ಎರಡನೆಯ ಫೌಂಡ್ರಿಯ ಮಾದರಿಗೆ ಈಗಲೇ ಒಪ್ಪಿಗೆ ಕೊಟ್ಟು ಇಟ್ಟಿರಬೇಕು. ಯಾವ ಗ್ರಾಹಕರಿಗೆ ಮೊದಲು ಮಾಲು ಎಂಬುದನ್ನೂ ಆಗಲೇ ಬರೆದಿಡುವುದು ಲೇಸು. ಗದ್ದಲದ ದಿನ ಜೋರಾಗಿ ಕೂಗಿದವರಿಗೇ ಮಾಲು ಹೋಗುತ್ತದೆ.

ಸುದ್ದಿಯ ದಾರಿ ಹೀಗಿರಬಹುದು. ಲಾರಿ ಒಂದು ದಿನ ತಡವಾದರೆ ಸ್ಟೋರ್ಸ್‌ನವರು ಖರೀದಿ ವಿಭಾಗಕ್ಕೆ ಹೇಳಬೇಕು. ಎರಡನೆಯ ದಿನ ಖರೀದಿಯವರು ಫೌಂಡ್ರಿಗೇ ಹೋಗಿ ಕುಲುಮೆ ಉರಿಯುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಫೋನಿನಲ್ಲಿ ಬರುವ "ನಾಳೆ ಕಳಿಸ್ತೀವಿ ಸಾರ್" ಎಂಬ ಉತ್ತರ ಇಲ್ಲಿ ಸಾಲದು. ಅದೇ ಸಂಜೆ ವರದಿ ಕಾರ್ಖಾನೆಯ ಮುಖ್ಯಸ್ಥರ ಮೇಜಿಗೆ ಬರಬೇಕು. ಪ್ರತಿ ಹೆಸರಿನ ಪಕ್ಕ, ಅವರು ರಜೆಯಲ್ಲಿದ್ದರೆ ಯಾರು ಎಂಬುದೂ ಇರಬೇಕು.

ಗ್ರಾಹಕರಿಗೆ ಹೋಗುವ ಪತ್ರದಲ್ಲಿ ಆಗಿರುವುದೇನು, ಇನ್ನೂ ತಿಳಿಯದ್ದೇನು, ಮುಂದಿನ ಮಾಹಿತಿ ಯಾವಾಗ ಎಂಬ ಮೂರೇ ಸಂಗತಿ ಸಾಕು. ಖಾತ್ರಿಯಿಲ್ಲದ ದಿನಾಂಕ ಕೊಟ್ಟು ಎರಡು ಸಲ ತಪ್ಪುವುದಕ್ಕಿಂತ ದಿನಾಂಕವನ್ನೇ ಕೊಡದಿರುವುದು ಮೇಲು. ಕಾರ್ಮಿಕರಿಗೆ ಪಾಳಿ, ಸಂಬಳದ ವಿಷಯ ಮುಖ್ಯಸ್ಥರೇ ಹೇಳಬೇಕು. ಇಲ್ಲವಾದರೆ ಕ್ಯಾಂಟೀನಿನಲ್ಲಿ ಬೀಗಮುದ್ರೆಯ ಗಾಳಿಸುದ್ದಿ ಹಬ್ಬುತ್ತದೆ.

ಇಷ್ಟಾದರೂ ಯೋಜನೆ ಮುಗ್ಗರಿಸುವುದು ಹಲವೆಡೆ ಪ್ಯಾಟರ್ನ್ ವಿಷಯದಲ್ಲಿ. ಅದಕ್ಕೆ ದುಡ್ಡು ಕೊಟ್ಟವರು ಪಂಪ್ ಕಾರ್ಖಾನೆಯವರೇ ಆದರೂ ಅದು ಇರುವುದು ಫೌಂಡ್ರಿಯಲ್ಲಿ. ಯಾವಾಗ ಬೇಕಾದರೂ ಹಿಂದಕ್ಕೆ ಒಯ್ಯುವ ಹಕ್ಕನ್ನು ಕರಾರಿನಲ್ಲಿ ಬರೆಸದಿದ್ದರೆ, ಫೌಂಡ್ರಿಯ ಗೇಟಿಗೆ ಬೀಗ ಬಿದ್ದ ದಿನ ಪ್ಯಾಟರ್ನೂ ಒಳಗೇ ಉಳಿಯುತ್ತದೆ.